ನಾಳೆಯ ಸಭೆಯನ್ನು ಇವತ್ತು ಮುಂದೂಡಬೇಕಾಗಿ ಬಂದಾಗ

ಪ್ರಶ್ನೆ: ಹೋದ ವಾರ ನಮ್ಮ ದೊಡ್ಡ ಕ್ಲೈಂಟ್ ಜೊತೆ ಬೆಳಗ್ಗೆ 11ಕ್ಕೆ ಮೀಟಿಂಗ್ ಇತ್ತು. ಅದು ಆಗಲಿಕ್ಕಿಲ್ಲ ಅನ್ನುವ ಅನುಮಾನ ಹಿಂದಿನ ದಿನ ಮಧ್ಯಾಹ್ನವೇ ಬಂದಿತ್ತು, ರಾತ್ರಿ 9ಕ್ಕೆ ಖಚಿತವಾಯಿತು. ಕೂಡಲೇ ಮೇಲ್ ಹಾಕಿದೆ. ಮೂರು ಸಲ ಕ್ಷಮೆ ಕೇಳಿದೆ, ನಿಮಗೆ ಅನುಕೂಲವಾದ ಸಮಯ ತಿಳಿಸಿ ಅಂತಲೂ ಬರೆದೆ. ಆದರೂ ಅವರು “ನಮ್ಮ ಸಮಯಕ್ಕೆ ಬೆಲೆ ಇಲ್ಲವಾ?” ಅಂದುಬಿಟ್ಟರು. ನಾನು ಎಲ್ಲಿ ತಪ್ಪಿದೆ? ಮತ್ತೆ ಹೀಗಾದರೆ ಏನು ಮಾಡಬೇಕು?

ಉತ್ತರ:

ನಿಮ್ಮ ಮೇಲ್‌ನಲ್ಲಿ ವಿನಯಕ್ಕೇನೂ ಕೊರತೆ ಇದ್ದಂತೆ ಕಾಣುವುದಿಲ್ಲ. ಅವರಿಗೆ ನೋವಾಗಿರುವುದು ಬಹುಶಃ ಬೇರೆ ಎರಡು ಕಾರಣಕ್ಕೆ. ಮಧ್ಯಾಹ್ನದಿಂದ ರಾತ್ರಿ 9ರವರೆಗೆ ನೀವು ಸುಮ್ಮನಿದ್ದದ್ದು ಒಂದು. ಇನ್ನೊಂದು, ಒಳ್ಳೆಯ ಮನಸ್ಸಿನಿಂದಲೇ ನೀವು ಬರೆದ ಆ ಕೊನೆಯ ಸಾಲು.

ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. “ನಿಮಗೆ ಅನುಕೂಲವಾದ ಸಮಯ ತಿಳಿಸಿ” ಎಂದಾಗ ನಾವು ಆಯ್ಕೆಯನ್ನು ಅವರಿಗೇ ಬಿಟ್ಟಿದ್ದೇವೆ, ಅದೇ ಗೌರವ ಎಂದುಕೊಳ್ಳುತ್ತೇವೆ. ಆದರೆ ಆ ಮೇಲ್ ಓದಿದವರ ಪಾಡು ನೋಡಿ. ಅವರ ಕಡೆಯಿಂದ ನಾಲ್ಕೈದು ಜನ ಬರಬೇಕಿತ್ತು. ಈಗ ಒಬ್ಬರು ಕೂತು ಅಷ್ಟೂ ಜನರ ಕ್ಯಾಲೆಂಡರ್ ನೋಡಬೇಕು, ಪ್ರತಿಯೊಬ್ಬರನ್ನೂ ಕೇಳಬೇಕು, ನಿಮಗೆ ಬರೆಯಬೇಕು, ಆ ಹೊತ್ತು ನಿಮಗೆ ಆಗದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಭೆ ತಪ್ಪಿದ್ದು ನಿಮ್ಮಿಂದ, ಅದನ್ನು ಮತ್ತೆ ಕಟ್ಟುವ ಕೆಲಸ ಬಿದ್ದದ್ದು ಅವರ ಮೇಲೆ. ಮೂರು ಸಲದ ಕ್ಷಮೆಯೂ ಹಾಗೆಯೇ. ಅಷ್ಟು ಸಲ ಕೇಳಿದವರಿಗೆ “ಇರಲಿ ಬಿಡಿ, ಪರವಾಗಿಲ್ಲ” ಎಂದು ಸಮಾಧಾನ ಹೇಳುವ ಹೊಣೆಯೂ ಅವರದೇ ಆಗುತ್ತದೆ. ಒಂದು ಸಲ ಕೇಳಿದರೆ ಸಾಕು.

ಮೌನದ ವಿಷಯ ಇದಕ್ಕಿಂತ ದೊಡ್ಡದು. ನಾನು ಹಲವು ವರ್ಷಗಳಿಂದ ಕ್ಲೈಂಟ್‌ಗಳ ಜೊತೆಗಿನ ಕೆಲಸವನ್ನೇ ನೋಡಿಕೊಳ್ಳುತ್ತಿದ್ದೇನೆ. ಒಂದು ಪ್ರಸಂಗವನ್ನು ವಿವರವಾಗಿ ಹೇಳಿದರೆ ಉಳಿದದ್ದು ಅದರಲ್ಲೇ ಬರುತ್ತದೆ.

ಒಂದು ಕಂಪನಿಯ ನಾಲ್ಕು ಗೋದಾಮುಗಳ ದಾಸ್ತಾನಿನ ಲೆಕ್ಕವನ್ನು ನಮ್ಮ ತಂಡ ಪರಿಶೀಲಿಸಿಕೊಟ್ಟಿತ್ತು. ಬುಧವಾರ 11ಕ್ಕೆ ವರದಿ ಒಪ್ಪಿಸುವ ಸಭೆ. ಅವರ ಕಡೆಯಿಂದ ಐದು ಜನ. ಮಂಗಳವಾರ ಮಧ್ಯಾಹ್ನ 3:40ಕ್ಕೆ ನಮ್ಮ ಸಹೋದ್ಯೋಗಿಯೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು. ನಾಲ್ಕನೇ ಗೋದಾಮಿನ ಮೊತ್ತ ಸರಿಹೊಂದುತ್ತಿಲ್ಲ, ಯಾವುದೋ ಒಂದು ತಿಂಗಳ ಆವಕ ಎರಡು ಸಲ ಸೇರಿದಂತಿದೆ ಎಂದರು. ರಾತ್ರಿ ಕೂತರೆ ಸರಿಹೋಗಬಹುದು, ಹೋಗದೆಯೂ ಇರಬಹುದು.

ಇಂಥ ಗಳಿಗೆಯಲ್ಲಿ ಎಲ್ಲರ ಮನಸ್ಸೂ ಒಂದೇ ಕಡೆ ವಾಲುತ್ತದೆ. ಈಗಲೇ ಹೇಳಿ ಯಾಕೆ ಗಾಬರಿಪಡಿಸಬೇಕು, ಒಂದೆರಡು ಗಂಟೆ ನೋಡೋಣ, ಸರಿಹೋದರೆ ಹೇಳುವ ಪ್ರಮೇಯವೇ ಇರುವುದಿಲ್ಲ ಅನ್ನಿಸುತ್ತದೆ. ನಾನೂ ಹಾಗೆ ಕಾದು ಕೈ ಸುಟ್ಟುಕೊಂಡಿದ್ದೇನೆ. ನಾವು ಕಾಯುವ ಪ್ರತಿ ಗಂಟೆಯಲ್ಲೂ ಅವರ ಕಡೆ ಏನೋ ಒಂದು ನಡೆಯುತ್ತಲೇ ಇರುತ್ತದೆ. ಯಾರೋ ಆ ಸಭೆಗೆಂದೇ ಇನ್ನೊಂದು ಕೆಲಸ ಬಿಟ್ಟುಕೊಡುತ್ತಾರೆ, ಯಾರೋ ಟಿಕೆಟ್ ತೆಗೆದಿರುತ್ತಾರೆ, ಯಾರೋ ಕೂತು ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿರುತ್ತಾರೆ. ನಾವು ಮುಂದೂಡುವುದು ಒಂದು ಗಂಟೆಯ ಸಭೆಯನ್ನು. ಅವರಿಗೆ ಹೋಗುವುದು ಆ ಗಂಟೆಯ ಸುತ್ತ ಕಟ್ಟಿಕೊಂಡದ್ದೆಲ್ಲ.

ಅದಕ್ಕೇ ಅವತ್ತು 4ಕ್ಕೇ ಫೋನ್ ಮಾಡಿದೆ. ಅವರ ಕಡೆ ಈ ಕೆಲಸ ನೋಡಿಕೊಳ್ಳುತ್ತಿದ್ದವರೊಂದಿಗೆ ಆದ ಮಾತು ಹೆಚ್ಚುಕಡಿಮೆ ಹೀಗಿತ್ತು:

“ನಮಸ್ಕಾರ ಸರ್, ನಾಳೆ 11ರ ಮೀಟಿಂಗ್ ವಿಚಾರ. ಎರಡು ನಿಮಿಷ ಮಾತಾಡಬಹುದಾ?”

“ಹೇಳಿ, ಹೇಳಿ.”

“ನಾಲ್ಕನೇ ಗೋದಾಮಿನ ಲೆಕ್ಕದಲ್ಲಿ ಒಂದು ವ್ಯತ್ಯಾಸ ಈಗಷ್ಟೇ ಕಣ್ಣಿಗೆ ಬಿತ್ತು. ಅದು ನಾಳೆಯೊಳಗೆ ಸರಿಹೋಗದೆ ಇರಬಹುದು. ಮೀಟಿಂಗ್ ಮುಂದಕ್ಕೆ ಹಾಕಬೇಕಾ ಬೇಡವಾ ಅಂತ ಐದೂವರೆಗೆ ಖಚಿತವಾಗಿ ಹೇಳ್ತೀನಿ. ಅಷ್ಟರಲ್ಲಿ ನಿಮ್ಮವರು ಯಾರಾದರೂ ಹೊರಡೋರಿದ್ದರೆ ಗೊತ್ತಿರಲಿ ಅಂತ ಈಗಲೇ ಫೋನ್ ಮಾಡಿದೆ.”

“ಒಳ್ಳೇದಾಯ್ತು. ನಮ್ಮ ಫೈನಾನ್ಸ್ ಮೇಡಂ ಏಳೂವರೆ ಟ್ರೇನಿಗೆ ಬರೋರಿದ್ದರು. ಆರು ಗಂಟೆಗೆ ಮನೆ ಬಿಡ್ತಾರೆ. ಐದೂವರೆಗೆ ಹೇಳಿದ್ರೆ ಸಾಕು.”

ಆ ಟ್ರೇನಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಎಲ್ಲ ಖಚಿತವಾಗಲಿ ಎಂದು ರಾತ್ರಿ 9ರವರೆಗೆ ಕಾದಿದ್ದರೆ ಅವರು ಟ್ರೇನಿನಲ್ಲಿ ಇರುತ್ತಿದ್ದರು. ಬೆಳಗ್ಗೆ ಇಳಿದಾಗ ಕೈಯಲ್ಲಿ ನಮ್ಮ ಕ್ಷಮಾಪಣೆಯ ಮೇಲ್ ಮಾತ್ರ ಇರುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಮೊದಲ ಫೋನಿನ ರೂಪ. ಅದು ಮುಂದೂಡಿಕೆಯ ಸುದ್ದಿಯಲ್ಲ, ಬರೀ ಮುನ್ಸೂಚನೆ. ಆದರೆ ಅದರ ಜೊತೆಗೆ ಒಂದು ಗಡುವು ಇತ್ತು. “ನೋಡಿ ಹೇಳ್ತೀವಿ” ಎಂದಷ್ಟೇ ಹೇಳಿದ್ದರೆ ಅವರನ್ನು ಅತಂತ್ರಕ್ಕೆ ತಳ್ಳಿದಂತಾಗುತ್ತಿತ್ತು, ಅದಕ್ಕಿಂತ ಹೇಳದಿರುವುದೇ ವಾಸಿ. “ಐದೂವರೆಗೆ ಹೇಳ್ತೀನಿ” ಎಂದರೆ ಅಲ್ಲಿಯವರೆಗೆ ಯಾವುದನ್ನು ತಡೆಹಿಡಿಯಬೇಕು ಎಂದು ಅವರು ಲೆಕ್ಕ ಹಾಕಿಕೊಳ್ಳಬಹುದು. ಗಡುವು ಕೊಟ್ಟ ಮೇಲೆ ಅದು ನಮ್ಮನ್ನೂ ಕಟ್ಟಿಹಾಕುತ್ತದೆ. ಐದೂವರೆಗೆ ಇನ್ನೂ ಅನುಮಾನವೇ ಉಳಿದಿದ್ದರೆ “ಆಗಲ್ಲ” ಎಂದೇ ತೀರ್ಮಾನಿಸಬೇಕು. ಗಡುವನ್ನು ಇನ್ನೊಂದು ಗಂಟೆ ಎಳೆಯಬಾರದು.

ನಾವು ಆ ಒಂದೂವರೆ ಗಂಟೆಯಲ್ಲಿ ಎರಡು ಕೆಲಸ ಮಾಡಿದೆವು. ತಪ್ಪು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಿದೆವು. ಸರಿಪಡಿಸಲು ಸುಮಾರು ಒಂದು ಪೂರ್ತಿ ದಿನ ಬೇಕಿತ್ತು. ಜೊತೆಗೆ ನಮ್ಮವರೆಲ್ಲರ ಕ್ಯಾಲೆಂಡರ್ ನೋಡಿ ಗುರುವಾರ ಸಂಜೆ 4 ಮತ್ತು ಶುಕ್ರವಾರ ಬೆಳಗ್ಗೆ 11, ಈ ಎರಡು ಹೊತ್ತನ್ನು ಬೇರೆ ಯಾರೂ ಮುಟ್ಟದಂತೆ ಕಾದಿರಿಸಿದೆವು. ಬುಧವಾರ ಸಂಜೆಗೇ ಕರೆಯುವ ಆಸೆ ನಮ್ಮ ತಂಡದಲ್ಲಿ ಒಬ್ಬರಿಗಿತ್ತು, ಬೇಗ ಮುಗಿದರೆ ಅವರಿಗೂ ಸಮಾಧಾನ ಎಂದು. ನಾನು ಒಪ್ಪಲಿಲ್ಲ. ಒಂದು ದಿನದ ಕೆಲಸಕ್ಕೆ ಒಂದೇ ದಿನ ಇಟ್ಟುಕೊಂಡರೆ ಸಣ್ಣ ಅಡಚಣೆಗೂ ಮತ್ತೊಂದು ಫೋನ್ ಮಾಡಬೇಕಾಗುತ್ತದೆ. ಮೊದಲ ಸಲ ಮುಂದೂಡಿದ್ದನ್ನು ಜನ ಮರೆಯುತ್ತಾರೆ. ಎರಡನೇ ಸಲ ಮುಂದೂಡಿದರೆ ಮೊದಲನೆಯದೂ ನೆನಪಿಗೆ ಬರುತ್ತದೆ.

5:20ಕ್ಕೆ ಎರಡನೇ ಫೋನ್ ಮಾಡಿದೆ.

“ಸರ್, ಖಚಿತವಾಯ್ತು, ನಾಳೆ ಆಗಲ್ಲ. ತಪ್ಪು ನಮ್ಮದೇ, ಕ್ಷಮಿಸಿ. ಸರಿಯಿಲ್ಲದ ಅಂಕಿ ನಿಮ್ಮ ಮುಂದೆ ಇಡೋದು ಬೇಡ ಅಂತ ಈ ತೀರ್ಮಾನ. ಗುರುವಾರ ಸಂಜೆ 4 ಅಥವಾ ಶುಕ್ರವಾರ ಬೆಳಗ್ಗೆ 11, ಎರಡಕ್ಕೂ ನಮ್ಮವರೆಲ್ಲ ಖಾಲಿ ಇಟ್ಟುಕೊಂಡಿದ್ದೀವಿ. ಎರಡೂ ಆಗದಿದ್ರೆ ನೀವು ಹೇಳಿದ ಹೊತ್ತಿಗೆ ನಾವೇ ಹೊಂದಿಸ್ಕೋತೀವಿ. ಮತ್ತೊಂದು ವಿಷಯ ಕೇಳಬೇಕು. ನಾಳೆ ಮೀಟಿಂಗ್ ಮೇಲೆ ನಿಮ್ಮ ಕಡೆ ಏನಾದರೂ ನಿಂತಿದೆಯಾ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಿಂತಿದೆ. ನಾಳೆ ಮೂರಕ್ಕೆ ನಮ್ಮ ಮ್ಯಾನೇಜ್‌ಮೆಂಟ್ ಮೀಟಿಂಗ್ ಇದೆ. ಮುಂದಿನ ತಿಂಗಳ ಖರೀದಿ ಎಷ್ಟು ಅಂತ ಅಲ್ಲಿ ತೀರ್ಮಾನ ಆಗಬೇಕು. ನಿಮ್ಮ ಅಂಕಿ ಇಟ್ಟುಕೊಂಡೇ ಹೋಗೋಣ ಅಂತಿದ್ದೆ,” ಎಂದರು.

ಆ ಪ್ರಶ್ನೆಯನ್ನು ನಾನು ಕೇಳದೆ ಇದ್ದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. “ಸರಿ, ಶುಕ್ರವಾರ ಮಾಡೋಣ” ಎಂದು ಫೋನ್ ಇಡುತ್ತಿದ್ದರು, ಮರುದಿನ ತಮ್ಮವರ ಮುಂದೆ ಬರಿಗೈಯಲ್ಲಿ ಕೂರುತ್ತಿದ್ದರು. ಸಭೆಯನ್ನು ಮುಂದೂಡಬಹುದು, ಅದರ ಹಿಂದೆ ನಿಂತಿರುವ ತೀರ್ಮಾನ ನಮಗಾಗಿ ಕಾಯುವುದಿಲ್ಲ. ಹಾಗಾಗಿ ಯಾವ ಅವಸರದಲ್ಲೂ ನಾನು ಬಿಡದ ಪ್ರಶ್ನೆ ಇದೊಂದೇ.

ಮೊದಲ ಮೂರು ಗೋದಾಮುಗಳ ಲೆಕ್ಕ ಸರಿಯಾಗಿಯೇ ಇತ್ತು. ಅವುಗಳ ಅಂತಿಮ ಅಂಕಿಗಳನ್ನು ಒಂದೇ ಪುಟದಲ್ಲಿ ಬುಧವಾರ ಬೆಳಗ್ಗೆ 10ರೊಳಗೆ ಕಳಿಸುತ್ತೇವೆ, ನಾಲ್ಕನೆಯದರ ಎದುರು “ಪರಿಶೀಲನೆಯಲ್ಲಿದೆ” ಎಂದು ಬರೆದಿರುತ್ತೇವೆ, ಬೇಕಿದ್ದರೆ 11ಕ್ಕೆ ಹದಿನೈದು ನಿಮಿಷ ಫೋನಿನಲ್ಲಿ ವಿವರಿಸುತ್ತೇವೆ ಎಂದೆ. ಅಂದರೆ ಪೂರ್ತಿ ಸಭೆ ಶುಕ್ರವಾರಕ್ಕೆ ಹೋಯಿತು, ಬುಧವಾರ ಅವರಿಗೆ ತುರ್ತಾಗಿ ಬೇಕಿದ್ದದ್ದು ಬುಧವಾರವೇ ಸಿಕ್ಕಿತು.

ಫೋನ್ ಮುಗಿದ ಹತ್ತು ನಿಮಿಷದೊಳಗೆ ಮೇಲ್ ಹೋಗಬೇಕು. ನಿಮ್ಮೊಂದಿಗೆ ಮಾತಾಡಿದವರು ಉಳಿದ ನಾಲ್ವರಿಗೆ ತಾವೇ ವಿವರಿಸುತ್ತಾ ಕೂರಬಾರದು, ನಿಮ್ಮ ಮೇಲ್ ಅನ್ನು ಹಾಗೆಯೇ ಮುಂದಕ್ಕೆ ಕಳಿಸಿದರೆ ಸಾಕು ಎನ್ನುವಂತಿರಬೇಕು. ನಾನು ಬರೆದದ್ದು ಇಷ್ಟು:

“ವಿಷಯ: ಬುಧವಾರ 11ರ ಸಭೆ ಈಗ ಶುಕ್ರವಾರ ಬೆಳಗ್ಗೆ 11ಕ್ಕೆ

ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಮಾತಾಡಿದಂತೆ ನಾಳೆಯ ಸಭೆ ಇರುವುದಿಲ್ಲ, ಶುಕ್ರವಾರ ಬೆಳಗ್ಗೆ 11ಕ್ಕೆ ನಡೆಯುತ್ತದೆ. ನಾಲ್ಕನೇ ಗೋದಾಮಿನ ಲೆಕ್ಕದಲ್ಲಿ ನಮ್ಮಿಂದ ಆದ ತಪ್ಪನ್ನು ಸರಿಪಡಿಸಲು ಈ ಸಮಯ ಬೇಕಾಗಿದೆ. ನಿಮಗೆ ಆದ ತೊಂದರೆಗೆ ಕ್ಷಮೆ ಇರಲಿ. ಮೊದಲ ಮೂರು ಗೋದಾಮುಗಳ ಅಂತಿಮ ಅಂಕಿಗಳು ನಾಳೆ 10ರೊಳಗೆ ನಿಮ್ಮ ಕೈಸೇರುತ್ತವೆ. ಪೂರ್ತಿ ವರದಿ ಗುರುವಾರ ಸಂಜೆ 5ಕ್ಕೆ ಬರುತ್ತದೆ.”

ವಿಷಯದ ಸಾಲಿನಲ್ಲೇ ಹಳೆಯ ದಿನ, ಹೊಸ ದಿನ ಎರಡೂ ಇರಲಿ. ಓಡಾಟದಲ್ಲಿರುವವರು ಫೋನಿನ ಪರದೆಯ ಮೇಲೆ ಅಷ್ಟನ್ನೇ ನೋಡಿರುತ್ತಾರೆ. “ನಾಳೆಯ ಸಭೆಯ ಕುರಿತು” ಎಂದು ಬರೆದರೆ ಮೇಲ್ ತೆರೆದು ನೋಡುವವರೆಗೆ ಅವರಿಗೆ ಏನೂ ತಿಳಿಯುವುದಿಲ್ಲ. ಎರಡೂ ಕಡೆಯವರು ಬೇರೆ ಬೇರೆ ದೇಶಗಳಲ್ಲಿದ್ದರೆ ಸಮಯವನ್ನು ಮೊದಲು ಅವರ ಗಡಿಯಾರದಲ್ಲಿ ಬರೆಯಿರಿ, ನಮ್ಮದು ಆಮೇಲೆ ಬರಲಿ.

ಕ್ಯಾಲೆಂಡರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಮಾತು ಚೆನ್ನಾಗಿ ನಡೆದ ಮೇಲೂ ಕೆಲಸ ಕೆಡುವುದು ಇಲ್ಲೇ. ಮೊದಲ ಎಚ್ಚರಿಕೆ: ಫೋನ್ ಮಾಡುವ ಮೊದಲು ಇನ್ವೈಟ್ ಅನ್ನು ಮುಟ್ಟಬೇಡಿ. ಒಮ್ಮೆ ನಮ್ಮ ತಂಡದಲ್ಲಿ ಒಬ್ಬರು “ನೀವು ಮಾತಾಡಿ, ಅಷ್ಟರಲ್ಲಿ ನಾನು ಇನ್ವೈಟ್ ಬದಲಾಯಿಸಿರ್ತೀನಿ” ಎಂದು ಸಹಾಯಕ್ಕೆಂದೇ ಮುಂದಾದರು. ನಾನು ನಂಬರ್ ಒತ್ತುವ ಹೊತ್ತಿಗೆ ಆ ಕಡೆಯ ಎಲ್ಲರಿಗೂ ಸಮಯ ಬದಲಾದ ಸೂಚನೆ ಹೋಗಿಬಿಟ್ಟಿತ್ತು. ಫೋನ್ ಎತ್ತಿದವರ ಮೊದಲ ಮಾತು, “ಈಗ ತಾನೇ ನೋಡಿದೆ.” ಆಮೇಲೆ ನಾನು ಏನು ಹೇಳಿದರೂ ಅದು ಸಮಜಾಯಿಷಿ ಆಯಿತೇ ಹೊರತು ವಿನಂತಿ ಆಗಲಿಲ್ಲ.

ಇನ್ನೊಂದು, ಹಳೆಯ ಇನ್ವೈಟ್ ಅಳಿಸಿ ಹೊಸದು ಮಾಡಬೇಡಿ. ಅದನ್ನೇ ತೆರೆದು ದಿನ, ಸಮಯ ತಿದ್ದಿ ಕಳಿಸಿ. ಪ್ರತಿ ಇನ್ವೈಟ್‌ಗೂ UID ಎಂಬ ಗುರುತು ಇರುತ್ತದೆ. ತಿದ್ದಿದಾಗ ಆ ಗುರುತು ಬದಲಾಗುವುದಿಲ್ಲ, ಹಾಗಾಗಿ ಅವರ ಕ್ಯಾಲೆಂಡರ್ ಹಳೆಯ ನಮೂದನ್ನೇ ಹುಡುಕಿ ಹೊಸ ಜಾಗಕ್ಕೆ ಸರಿಸುತ್ತದೆ. ಅಳಿಸಿ ಹೊಸದು ಮಾಡಿದರೆ ಅವರಿಗೆ ಎರಡು ಸೂಚನೆ ಬರುತ್ತವೆ, ಒಂದು ರದ್ದಾದದ್ದು, ಇನ್ನೊಂದು ಹೊಸದು. ಐವರಲ್ಲಿ ಒಬ್ಬರಾದರೂ ಮೊದಲನೆಯದನ್ನಷ್ಟೇ ನೋಡಿ ಸಭೆಯೇ ಇಲ್ಲ ಎಂದುಕೊಂಡುಬಿಡುತ್ತಾರೆ. ಇನ್ವೈಟ್ ಕಳಿಸಿದ್ದು ಕ್ಲೈಂಟ್ ಕಡೆಯವರಾಗಿದ್ದರೆ ನಿಮ್ಮ ಕ್ಯಾಲೆಂಡರಿನಲ್ಲಿ ಎಳೆದು ಸರಿಸಿದರೆ ಆಗುವುದಿಲ್ಲ. ಮಾತಾಡಿ ಸಮಯ ಒಪ್ಪಿಕೊಂಡ ಮೇಲೆ ಔಟ್‌ಲುಕ್‌ನಲ್ಲಾದರೆ Propose New Time, ಗೂಗಲ್ ಕ್ಯಾಲೆಂಡರಿನಲ್ಲಾದರೆ Propose a new time ಒತ್ತಿ ಹೊಸ ಸಮಯ ಕಳಿಸಿದರೆ ಅವರು ಒಪ್ಪಿ ಎಲ್ಲರಿಗೂ ರವಾನಿಸಬಹುದು. ಸಭೆಯ ಕೋಣೆಯನ್ನೂ ಇನ್ವೈಟ್‌ನಲ್ಲೇ ಕಾದಿರಿಸಿದ್ದರೆ ಹೊಸ ಹೊತ್ತಿಗೆ ಅದು ಸಿಕ್ಕಿದೆಯೇ ಎಂದು ನೋಡಿಕೊಳ್ಳಿ. ಅವರು ಆರಿಸದೆ ಬಿಟ್ಟ ಇನ್ನೊಂದು ಹೊತ್ತನ್ನು ನಿಮ್ಮವರಿಗೆ ಬಿಟ್ಟುಕೊಡುವುದನ್ನೂ ಮರೆಯಬೇಡಿ.

ಫೋನ್ ಎತ್ತದಿದ್ದರೆ? ಒಂದು ಸಲ ಮಾಡಿ, ಕೂಡಲೇ ಎರಡು ಸಾಲಿನ ಸಂದೇಶ ಕಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ, ಆಮೇಲೆ ಅವರ ಸಹಾಯಕರಿಗೋ ತಂಡದ ಇನ್ನೊಬ್ಬರಿಗೋ ಮಾಡಿ. ಮೇಲ್ ಹೋಯಿತು ಎಂದರೆ ವಿಷಯ ತಲುಪಿತು ಎಂದಲ್ಲ. ಅವರ ಕಡೆಯಿಂದ ಯಾರಾದರೂ ಒಬ್ಬರು “ಸರಿ” ಎನ್ನುವವರೆಗೆ ಹಳೆಯ ಸಭೆ ಇದ್ದೇ ಇದೆ ಎಂದು ತಿಳಿದು ನಡೆದುಕೊಳ್ಳಿ. ಸಭೆಗೆ ಎರಡು ಗಂಟೆಯೂ ಉಳಿದಿಲ್ಲದಿದ್ದರೆ ಮೊದಲ ಫೋನ್ ಹೋಗಬೇಕಾದದ್ದು ದಾರಿಯಲ್ಲಿರಬಹುದಾದವರಿಗೆ, ಅವರು ಎಷ್ಟು ಕಿರಿಯ ಹುದ್ದೆಯವರಾದರೂ ಸರಿ. ಎಲ್ಲರೂ ಒಪ್ಪಿದ ಮೇಲೂ ಹಳೆಯ ಸಮಯಕ್ಕೆ ನಾನು ಆ ವಿಡಿಯೊ ಲಿಂಕ್‌ನಲ್ಲೋ ಕೋಣೆಯಲ್ಲೋ ಹದಿನೈದು ನಿಮಿಷ ಒಬ್ಬನೇ ಕೂತಿರುತ್ತೇನೆ. ಆ ಬುಧವಾರ 11:04ಕ್ಕೆ ಅವರ ಐವರಲ್ಲಿ ಒಬ್ಬರು ಲಿಂಕ್ ತೆರೆದು ಬಂದೇಬಿಟ್ಟರು. ಹಿಂದಿನ ದಿನ ರಜೆಯಲ್ಲಿದ್ದರಂತೆ, ಮೇಲ್ ನೋಡಿರಲಿಲ್ಲ. ಖಾಲಿ ಪರದೆಯ ಬದಲು ಅವರಿಗೆ ಒಂದು ಮುಖ ಕಂಡಿತು, ಎರಡು ನಿಮಿಷದಲ್ಲಿ ವಿಷಯ ತಿಳಿಯಿತು.

ಕಾರಣ ಹೇಳುವ ಬಗ್ಗೆ ನನ್ನ ನಿಲುವು ಸರಳ. ಒಂದು ವಾಕ್ಯ, ಮತ್ತು ಅದು ನಿಜವಾಗಿರಬೇಕು. ತಂಡದವರ ಮನೆಯ ಕಷ್ಟವೋ ಕಾಯಿಲೆಯೋ ಇದ್ದರೆ “ಈ ಕೆಲಸ ಮಾಡಿದವರಿಗೆ ವೈಯಕ್ತಿಕ ತುರ್ತು ಬಂದಿದೆ” ಎಂದರೆ ಸಾಕು, ಅದರ ವಿವರ ಹೊರಗೆ ಹೇಳುವ ಹಕ್ಕು ನಮಗಿಲ್ಲ. ಆದರೆ ನಿಜವಾದ ಕಾರಣ ಇನ್ನೊಬ್ಬ ದೊಡ್ಡ ಕ್ಲೈಂಟ್ ಅದೇ ಹೊತ್ತು ಕೇಳಿದ್ದು ಎಂದಾದರೆ, ದಯವಿಟ್ಟು ಮುಂದೂಡಬೇಡಿ. ಮೊದಲು ಮಾತು ಕೊಟ್ಟವರಲ್ಲಿಗೇ ಹೋಗಿ. ಅವರ ಮುಖ ನೋಡಿ ಹೇಳಲಾಗದ ಕಾರಣಕ್ಕೆ ಸುಳ್ಳು ಜ್ವರವನ್ನು ಕಟ್ಟಿದರೆ ಮುಂದೆ ಅದನ್ನು ನೆನಪಿಟ್ಟುಕೊಂಡು ಕಾಪಾಡುತ್ತಾ ಇರಬೇಕಾಗುತ್ತದೆ.

ಮುಂದೂಡದೆ ಇರುವುದೇ ಸರಿಯಾದ ಸಂದರ್ಭವೂ ಇದೆ. ಸುಲಭಕ್ಕೆ ಕೈಗೆ ಸಿಗದ ಹಿರಿಯರನ್ನು ಅವರು ತಿಂಗಳ ಪ್ರಯತ್ನದಲ್ಲಿ ಒಟ್ಟು ಸೇರಿಸಿದ್ದರೆ, ನಿಮ್ಮ ಕೈಯಲ್ಲಿ ಮುಕ್ಕಾಲು ಪಾಲು ಸಿದ್ಧವಿದ್ದರೆ ಹೋಗಿಬಿಡಿ. ಯಾವುದು ಖಚಿತ, ಯಾವುದು ಇನ್ನೂ ಅಲ್ಲ ಎಂದು ಮೊದಲ ನಿಮಿಷದಲ್ಲೇ ಹೇಳಿ. ಆದರೆ ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಆ ಮುನ್ಸೂಚನೆಯ ಫೋನಿನಲ್ಲೇ “ಅರ್ಧ ಸಿದ್ಧವಿರೋದನ್ನ ನಾಳೆ ನೋಡ್ತೀರಾ, ಪೂರ್ತಿ ಬೇಕು ಅಂದ್ರೆ ಶುಕ್ರವಾರ ಮಾಡೋಣವಾ?” ಎಂದು ಅವರನ್ನೇ ಕೇಳಿ.

ಯಾರಾದರೂ ಆಗಲೇ ಟಿಕೆಟ್ ತೆಗೆದಿದ್ದರೆ ರದ್ದತಿಯ ಖರ್ಚು ನಿಮ್ಮದು ಎಂದು ನೀವೇ ಮೊದಲು ಹೇಳಿ. ಹೊರಗಿನವರಿಂದ ಹಣ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಅವರಲ್ಲಿದ್ದರೆ ಈ ಸಲ ನಾವೇ ಅಲ್ಲಿಗೆ ಬರುತ್ತೇವೆ ಎನ್ನಿ. ನಮ್ಮ ಪ್ರಸಂಗದಲ್ಲಿ ಫೈನಾನ್ಸ್ ಮೇಡಂ ಗುರುವಾರ ರಾತ್ರಿಯ ಟ್ರೇನಿಗೆ ಬದಲಿಸಿಕೊಂಡರು. ಶುಕ್ರವಾರ 11 ಎಂದು ಆರಿಸಿದ್ದೂ ಅವರಿಗಾಗಿಯೇ.

ಹೊಸ ದಿನದ ಸಭೆಯನ್ನು ಮತ್ತೆ ಕ್ಷಮೆಯಿಂದ ಆರಂಭಿಸಬೇಡಿ. ವರದಿಯನ್ನು ಹಿಂದಿನ ಸಂಜೆಯೇ ಕಳಿಸಿದ್ದೆವಾದ್ದರಿಂದ ಓದಿ ಹೇಳುವ ಭಾಗವನ್ನು ಬಿಟ್ಟೆವು. ಒಂದು ಗಂಟೆಗೆಂದು ಕರೆದಿದ್ದ ಸಭೆ ನಲವತ್ತು ನಿಮಿಷಕ್ಕೆ ಮುಗಿಯಿತು. ನಾಲ್ಕನೇ ಗೋದಾಮಿನಲ್ಲಿ ಏನಾಗಿತ್ತು ಎಂಬುದಕ್ಕೆ ಮೂರು ನಿಮಿಷ ಕೊಟ್ಟೆವು, ಅದೂ ಅವರು ಕೇಳಿದ ಮೇಲೆ.

ಇನ್ನು ನಿಮ್ಮ ಹೋದ ವಾರದ ಕ್ಲೈಂಟ್. ಅವರಿಗೆ ಇನ್ನೊಂದು ಕ್ಷಮೆಯ ಮೇಲ್ ಹಾಕಬೇಡಿ. ಫೋನ್ ಮಾಡಿ, “ಮಧ್ಯಾಹ್ನವೇ ನನಗೆ ಅನುಮಾನ ಇತ್ತು, ಆಗಲೇ ಹೇಳಬೇಕಿತ್ತು” ಎಂದು ಒಪ್ಪಿಕೊಳ್ಳಿ. ಆಮೇಲೆ “ಅವತ್ತು ನಮ್ಮಿಂದಾಗಿ ನಿಮ್ಮ ಕಡೆ ಏನು ನಿಂತುಹೋಯಿತು?” ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ ಬರೆದುಕೊಳ್ಳಿ. ಅದರಲ್ಲಿ ಇವತ್ತು ನೀವು ಮಾಡಿಕೊಡಬಹುದಾದದ್ದು ಒಂದಾದರೂ ಇದ್ದರೆ ಅದನ್ನು ಮುಗಿಸಿ ಕಳಿಸಿದ ಮೇಲೆಯೇ ಹೊಸ ದಿನಾಂಕದ ಮಾತು ಎತ್ತಿ.